ಒಟ್ಟು ಅಂಕ ಬಿಟ್ಟು ಅಂಕಪಟ್ಟಿಯನ್ನು ಓದೋಣ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಕೊನೆಯ ಹಲವು ವರ್ಷ ಉಡುಪಿ, ಕಾರ್ಕಳ ಭಾಗದಲ್ಲೇ ಕೆಲಸ ಮಾಡಿ, ನಿವೃತ್ತಿಯ ಮೇಲೆ ಮಣಿಪಾಲದಲ್ಲೇ ಉಳಿದುಕೊಂಡವನು ನಾನು. ಹೀಗಾಗಿ ಬಾಗಲಕೋಟೆ, ಗದಗ, ಹಾವೇರಿ ಕಡೆಯ ಮಠದ ಭಕ್ತರಿಗೆ ನಾನೊಬ್ಬ ಕರಾವಳಿಯ ವಿಳಾಸ. ಮಾತು ಹೆಚ್ಚುಕಡಿಮೆ ಒಂದೇ ರೀತಿ ಶುರುವಾಗುತ್ತದೆ: ‘ಸಾಹೇಬ್ರ, ನಮ್ಮ ಹುಡುಗ್ಗ ಎಂಬತ್ತೈದು ಪರ್ಸೆಂಟ್ ಆಗ್ಯಾವ್ರಿ. ನಿಮ್ಮ ಉಡುಪಿ ಕಡೆ ಯಾವುದರ ಚಲೋ ಕಾಲೇಜ್ ನೋಡಿ ಸೈನ್ಸಿಗೆ ಹಾಕಬೇಕಂತ ಮಾಡೇವ್ರಿ.’

ಅವರು ಕೇಳುವುದು ಕಾಲೇಜಿನ ಹೆಸರು. ವಿಜ್ಞಾನವೋ, ವಾಣಿಜ್ಯವೋ, ಕಲೆಯೋ ಎಂಬ ಪ್ರಶ್ನೆ ಮನೆಯಲ್ಲಿ ಆಗಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಆ ತೀರ್ಮಾನಕ್ಕೆ ಆಧಾರ ಒಂದೇ ಒಂದು ಸಂಖ್ಯೆ, ಶೇಕಡಾವಾರು ಒಟ್ಟು ಅಂಕ. ಈ ಸಂಚಿಕೆಯಲ್ಲಿ ಅದರ ಬಗ್ಗೆಯೇ ಬರೆಯುತ್ತೇನೆ. ಕಟ್ಟಡದ ಒಟ್ಟು ಭಾರವೊಂದನ್ನೇ ಕೇಳಿ ಯಾವ ಇಂಜಿನಿಯರನೂ ಅಡಿಪಾಯ ಹಾಕುವುದಿಲ್ಲ. ಯಾವ ಕಂಬದ ಮೇಲೆ ಎಷ್ಟು ಬರುತ್ತದೆ ಎಂದು ಕೇಳುತ್ತಾನೆ.

ಮೊದಲು ಉಡುಪಿಯ ಹೆಸರಿನ ವಿಷಯ. 2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇಕಡಾ 93.90 ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲನೆಯದಾಯಿತು. ದಕ್ಷಿಣ ಕನ್ನಡ ಅದರ ಬೆನ್ನಿಗೇ ಇತ್ತು. ಇದು ಇಲ್ಲಿನ ಶಾಲೆಗಳ, ತಾಯಂದಿರ, ಶಿಕ್ಷಕರ ಬಹು ವರ್ಷಗಳ ದುಡಿಮೆಯ ಫಲ. ಅದರ ಬಗ್ಗೆ ನನಗೂ ಗೌರವವಿದೆ. ಆದರೆ ಈ ಸಂಖ್ಯೆಯಲ್ಲಿ ಮೂರೂ ವಿಭಾಗದ ಮಕ್ಕಳು ಸೇರಿದ್ದಾರೆ. ಇಲ್ಲಿನವರು ತಮ್ಮ ಮಕ್ಕಳನ್ನೆಲ್ಲ ವಿಜ್ಞಾನಕ್ಕೇ ಹಾಕುವುದಿಲ್ಲ. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಹುಟ್ಟಿದ್ದು ಈ ಉಡುಪಿಯಲ್ಲೇ. ಎರಡೂ ಈಗ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಆದರೂ ಲೆಕ್ಕಪತ್ರ ಓದಿದವನಿಗೆ ಈ ಊರು ಕೊಡುವ ಮರ್ಯಾದೆ ಹೋಗಿಲ್ಲ. ನಮ್ಮ ಕಡೆಯವರು ಮಾತ್ರ ‘ಉಡುಪಿ’ ಎಂದರೆ ‘ಸೈನ್ಸ್’ ಎಂದೇ ಕೇಳಿಸಿಕೊಳ್ಳುತ್ತಾರೆ.

ಈಗ ಒಂದು ಅಂಕಪಟ್ಟಿ ನೋಡೋಣ. ಕಾಪು ತಾಲೂಕಿನ ಶಂಕರಪುರದ ಹತ್ತಿರದ ಒಂದು ಮನೆಯ ಹುಡುಗನದು. ಅವನ ತಾಯಿ ಮನೆಯ ಹಿತ್ತಲಲ್ಲಿ ಮಲ್ಲಿಗೆ ಬೆಳೆದು, ಬೆಳಿಗ್ಗೆ ಕೊಯ್ದು, ಕಟ್ಟಿ, ಕಟ್ಟೆಗೆ ಕಳಿಸುವವರು. ನಾನು ಸರ್ವೀಸಿನಲ್ಲಿದ್ದಾಗ ಆ ರಸ್ತೆಯ ಕೆಲಸ ನೋಡಿಕೊಂಡಿದ್ದರಿಂದ ಮನೆಯವರ ಪರಿಚಯ. 2022ರಲ್ಲಿ ಅವನು ಎಸ್ಸೆಸ್ಸೆಲ್ಸಿ ಮುಗಿಸಿದಾಗ ತಾಯಿ ಅಂಕಪಟ್ಟಿ ಹಿಡಿದು ನಮ್ಮ ಮನೆಗೆ ಬಂದಿದ್ದರು. ಪ್ರಥಮ ಭಾಷೆ ಕನ್ನಡ 125ಕ್ಕೆ 119, ಇಂಗ್ಲಿಷ್ 88, ಹಿಂದಿ 94, ಗಣಿತ 71, ವಿಜ್ಞಾನ 68, ಸಮಾಜವಿಜ್ಞಾನ 96. ಒಟ್ಟು 625ಕ್ಕೆ 536, ಅಂದರೆ ಶೇಕಡಾ 85.76.

‘ಎಂತ ಸರ್, ಎಂಬತ್ತೈದು ಪರ್ಸೆಂಟ್ ತೆಗೆದವನನ್ನು ಕಾಮರ್ಸಿಗೆ ಹಾಕಿದರೆ ಊರಿನವರು ಎಂತ ಹೇಳಿಯಾರು?’ ಎಂದರು ಆ ತಾಯಿ.

ನಾನು ಒಂದು ಕಾಗದ ತೆಗೆದುಕೊಂಡು ಪಟ್ಟಿಯನ್ನು ಎರಡು ಭಾಗ ಮಾಡಿದೆ. ಮೂರು ಭಾಷೆ ಮತ್ತು ಸಮಾಜವಿಜ್ಞಾನ ಸೇರಿ 425ಕ್ಕೆ 397, ಶೇಕಡಾ 93. ಗಣಿತ ಮತ್ತು ವಿಜ್ಞಾನ ಸೇರಿ 200ಕ್ಕೆ 139. ಶೇಕಡಾ 70ಕ್ಕೂ ತುಸು ಕಡಿಮೆ. ಎಂಬತ್ತೈದು ಎಂಬ ಸಂಖ್ಯೆ ಈ ಎರಡರ ಮಿಶ್ರಣ. ಅದನ್ನು ಮೇಲಕ್ಕೆತ್ತಿದ್ದು ಕನ್ನಡ, ಹಿಂದಿ, ಸಮಾಜ. ವಿಜ್ಞಾನ ವಿಭಾಗದ ನಾಲ್ಕು ಐಚ್ಛಿಕ ವಿಷಯಗಳ ಭಾರ ಬೀಳುವುದು ಮಾತ್ರ ಆ ಎಪ್ಪತ್ತರ ಕಂಬದ ಮೇಲೆ.

ಇನ್ನೊಂದು ಹೆಜ್ಜೆ ಇದೆ, ಅದನ್ನು ಬಹಳ ಜನ ಹಾಕುವುದಿಲ್ಲ. ಆ ಪರೀಕ್ಷೆಯಲ್ಲಿ 100 ಅಂಕದ ವಿಷಯಕ್ಕೆ ಬರವಣಿಗೆ 80, ಶಾಲೆಯವರೇ ಕೊಡುವ ಆಂತರಿಕ ಅಂಕ 20. ಆಂತರಿಕದಲ್ಲಿ ಕಡಿಮೆ ಬಿದ್ದ ಮಗುವನ್ನು ನಾನು ನೋಡಿದ್ದು ಅಪರೂಪ. ಈ ಹುಡುಗನಿಗೂ ಗಣಿತ, ವಿಜ್ಞಾನ ಎರಡರಲ್ಲೂ 20ಕ್ಕೆ 20 ಇತ್ತು. ಅದನ್ನು ಕಳೆದರೆ ಗಣಿತದ ಬರವಣಿಗೆಯಲ್ಲಿ 80ಕ್ಕೆ 51, ವಿಜ್ಞಾನದಲ್ಲಿ 80ಕ್ಕೆ 48. ಅಂದರೆ ಶೇಕಡಾ 64 ಮತ್ತು 60. ಎಂಬತ್ತೈದು ಅಂತ ಮನೆಗೆ ಬಂದ ಸಂಖ್ಯೆ, ಬೇಕಾದ ಕಡೆ ನೋಡಿದರೆ ಅರವತ್ತು.

ಅರವತ್ತು ಬಂದವನು ವಿಜ್ಞಾನ ಓದಲೇಬಾರದೆಂದು ನಾನು ಹೇಳುತ್ತಿಲ್ಲ. ಆ ಅರವತ್ತು ಯಾಕೆ ಬಂತು ಎಂದು ಕೇಳಬೇಕು. ಅದೇ ಸಮಯದಲ್ಲಿ ಕಾರ್ಕಳದ ಕಡೆಯ ಒಬ್ಬ ಹುಡುಗಿಯ ಅಂಕಪಟ್ಟಿಯೂ ನೋಡಿದ್ದೆ. ಅವಳು ಪೂರ್ತಿ ಕನ್ನಡ ಮಾಧ್ಯಮ, ವಿಜ್ಞಾನದಲ್ಲಿ 74. ಅವಳಿಗೆ, ‘ಮಗಳೇ, ವಿದ್ಯುತ್ ಮಂಡಲದಲ್ಲಿ ಬಲ್ಬುಗಳನ್ನು ಸಾಲಾಗಿ ಜೋಡಿಸಿದರೆ ಒಂದು ಕೆಟ್ಟಾಗ ಎಲ್ಲವೂ ಯಾಕೆ ಆರುತ್ತವೆ, ಮನೆಯಲ್ಲಿ ಯಾಕೆ ಹಾಗಾಗುವುದಿಲ್ಲ?’ ಎಂದು ಕೇಳಿದೆ. ಕಾಗದದ ಮೇಲೆ ಚಿತ್ರ ಬಿಡಿಸಿ, ಕನ್ನಡದಲ್ಲೇ ನನಗೆ ಪಾಠ ಮಾಡಿದಳು. ಮನೆಯ ಫ್ಯೂಸಿನ ಬಗ್ಗೆ ನನಗೇ ತಿರುಗಿ ಪ್ರಶ್ನೆ ಹಾಕಿದಳು. ಅವಳ ತೊಂದರೆ ವಿಜ್ಞಾನದ್ದಲ್ಲ, ಪರೀಕ್ಷೆಯಲ್ಲಿ ನಿಧಾನವಾಗಿ ಬರೆಯುವುದು. ಮುಂದೆ ಪಿಯುಸಿಯಲ್ಲಿ ಪಾಠ ಇಂಗ್ಲಿಷಿಗೆ ತಿರುಗಿದಾಗ ಮೊದಲ ನಾಲ್ಕು ತಿಂಗಳು ಕಷ್ಟಪಟ್ಟಳು, ದಸರಾ ರಜೆ ಮುಗಿಯುವಷ್ಟರಲ್ಲಿ ಹಿಡಿತ ಸಿಕ್ಕಿತು. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಓದಿ ಈಗ ಬಿ.ಎಸ್ಸಿ. ನರ್ಸಿಂಗ್‌ನಲ್ಲಿದ್ದಾಳೆ.

ನಮ್ಮ ಮಠಗಳ ಪ್ರಸಾದ ನಿಲಯದಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರಾದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಮಗುವಿಗೆ ತನ್ನ ಮಾತಿನಲ್ಲಿ ವಿವರಿಸಲು ಹೇಳಿ. ಕನ್ನಡದಲ್ಲಿ ವಿವರಿಸಲು ಬಂದರೆ ಇಂಗ್ಲಿಷಿನ ಅಡ್ಡಿ ಕೆಲವು ತಿಂಗಳದ್ದು. ಕನ್ನಡದಲ್ಲೂ ಬಾರದೆ, ಪುಸ್ತಕದ ವಾಕ್ಯವನ್ನೇ ಒಪ್ಪಿಸಿದರೆ ಅಡ್ಡಿ ವಿಷಯದ್ದು. ಎರಡನ್ನೂ ಒಂದೇ ಎಂದು ತಿಳಿದು ಬುದ್ಧಿವಂತ ಹಳ್ಳಿಯ ಮಕ್ಕಳನ್ನು ವಿಜ್ಞಾನದಿಂದ ದೂರ ಇಟ್ಟವರೂ ಇದ್ದಾರೆ. ಆ ತಪ್ಪೂ ಸಣ್ಣದಲ್ಲ.

ಇಲ್ಲಿಗೆ ಬಂದಾಗ ಹೆತ್ತವರು ತಮ್ಮ ಗಟ್ಟಿಯಾದ ವಾದವನ್ನು ಮುಂದಿಡುತ್ತಾರೆ: ‘ಸೈನ್ಸ್ ತಗೊಂಡ್ರ ಮುಂದ ಬಿ.ಕಾಂ. ಮಾಡಬಹುದು, ಲಾ ಮಾಡಬಹುದು, ಬಿ.ಎ. ಮಾಡಬಹುದು. ಕಾಮರ್ಸ್ ತಗೊಂಡಾವ ಇಂಜಿನಿಯರ್ ಆಗಾಕ ಬರೂದಿಲ್ಲ. ಹಂಗಾದ್ರ ಸೈನ್ಸೇ ಚಲೋ ಅಲ್ಲೇನ್ರಿ?’

ಈ ವಾದದ ಮೊದಲರ್ಧ ನಿಜ. ಭೌತಶಾಸ್ತ್ರ, ಗಣಿತವಿಲ್ಲದೆ ಸಿ.ಇ.ಟಿ. ಮೂಲಕ ಇಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರವಿಲ್ಲದೆ ನೀಟ್ ಇಲ್ಲ, ಬಿ.ಎಸ್ಸಿ. ನರ್ಸಿಂಗ್ ಇಲ್ಲ. ಕಲೆ, ವಾಣಿಜ್ಯದಿಂದ ಆ ಕಡೆಗೆ ದಾಟುವ ಸೇತುವೆ ಇಲ್ಲವೆಂದೇ ಹೇಳಬೇಕು. ವಿಜ್ಞಾನದಿಂದ ಈ ಕಡೆಗೆ ಬರಬಹುದು. ಆದರೆ ವಾದದ ಉಳಿದರ್ಧ ಯಾರೂ ಹೇಳುವುದಿಲ್ಲ: ಆ ಬಾಗಿಲುಗಳು ತೆರೆದಿರುವುದು ಪಾಸಾದವನಿಗೆ, ಅದೂ ಒಂದು ಮಟ್ಟದ ಅಂಕ ಬಂದವನಿಗೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿ.ಇ.ಟಿ. ಅಂಕ ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಇನ್ನರ್ಧ. ಅರವತ್ತರ ಕಂಬದ ಮೇಲೆ ನಿಂತು ಪಿಯುಸಿಯಲ್ಲಿ ಐವತ್ತಕ್ಕೆ ಇಳಿದವನಿಗೆ ರ‍್ಯಾಂಕು ಹಿಂದೆ ಬೀಳುತ್ತದೆ. ಆಮೇಲೆ ಬಿ.ಕಾಂ.ಗೆ ಬಂದರೆ, ಎರಡು ವರ್ಷ ಲೆಕ್ಕಶಾಸ್ತ್ರ ಓದಿ ಬಂದವರ ಪಕ್ಕದಲ್ಲಿ ಅವನು ಮೊದಲಿನಿಂದ ಶುರುಮಾಡಬೇಕು. ಬಾಗಿಲು ತೆರೆದಿಡುವುದಕ್ಕೂ ಒಂದು ಬಾಡಿಗೆ ಇದೆ. ಅದನ್ನು ಕಟ್ಟುವವನು ಮಗು.

ಆ ಬಾಡಿಗೆ ಎಷ್ಟೆಂದು ನನ್ನ ಮನೆಯಲ್ಲೇ ನಾನು ಕಂಡಿದ್ದೇನೆ. 2004ರಲ್ಲಿ ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾದ. ಇತಿಹಾಸದ ಪುಸ್ತಕ ಸಿಕ್ಕಿದರೆ ಊಟ ಮರೆಯುವ ಹುಡುಗ. ‘ಇಂಜಿನಿಯರ ಮಗ ಆರ್ಟ್ಸ್ ಓದಿದನಂತೆ’ ಎಂಬ ಮಾತನ್ನು ಕಛೇರಿಯಲ್ಲಿ ಕೇಳಬೇಕಾದೀತೆಂದು ನಾನು ಅವನನ್ನು ವಿಜ್ಞಾನಕ್ಕೆ ಸೇರಿಸಿದೆ. ಅವನು ಎದುರಾಡಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಹೋದವು. ಪೂರಕ ಪರೀಕ್ಷೆಯಲ್ಲಿ ಒಂದು ಬಂತು, ಇನ್ನೊಂದಕ್ಕೆ ಮತ್ತೆ ಒಂದು ವರ್ಷ. ಆ ವರ್ಷ ಅವನು ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ನೆಂಟರು ಬಂದರೆ ಮಹಡಿ ಹತ್ತುತ್ತಿದ್ದ. ಆಮೇಲೆ ಬಿ.ಎ., ಬಿ.ಎಡ್. ಮಾಡಿದ. ಈಗ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸುತ್ತಾನೆ, ಚೆನ್ನಾಗಿಯೇ ಕಲಿಸುತ್ತಾನೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ಮಾತಾಡುತ್ತಿದ್ದವನು ನಾನೇ. ಮೂರು ವರ್ಷ ಅವನಿಂದ ಕಸಿದುಕೊಂಡವನೂ ನಾನೇ.

ಅದಾದ ಮೇಲೆ ನಾನು ಅಭಿಪ್ರಾಯ ಹೇಳುವುದನ್ನು ಬಿಟ್ಟು, ಪುಸ್ತಕ ಕೊಡುವುದನ್ನು ಶುರುಮಾಡಿದೆ. ಶಂಕರಪುರದ ಹುಡುಗನಿಗೂ ಅದನ್ನೇ ಮಾಡಿದೆ. ಅಕ್ಕಪಕ್ಕದ ಮಕ್ಕಳಿಂದ ಪ್ರಥಮ ಪಿಯುಸಿಯ ಹಳೆಯ ಪುಸ್ತಕಗಳನ್ನು ಮೂರು ವಾರಕ್ಕೆ ಕೇಳಿ ತಂದೆವು: ಭೌತಶಾಸ್ತ್ರ, ಲೆಕ್ಕಶಾಸ್ತ್ರ, ರಾಜ್ಯಶಾಸ್ತ್ರ. ಒಂದೊಂದಕ್ಕೆ ಒಂದು ವಾರ, ದಿನಕ್ಕೆ ಎರಡು ಗಂಟೆ, ಒಂದೇ ಒಂದು ಅಧ್ಯಾಯ. ಟ್ಯೂಷನ್ ಇಲ್ಲ. ತಿಳಿಯದ್ದನ್ನು ಕೇಳಬಹುದು. ಅಧ್ಯಾಯದ ಕೊನೆಯ ಲೆಕ್ಕ, ಪ್ರಶ್ನೆಗಳನ್ನು ತಾನೇ ಮಾಡಬೇಕು.

ಮೊದಲ ವಾರ ಭೌತಶಾಸ್ತ್ರದಲ್ಲಿ ಸರಳರೇಖೆಯ ಚಲನೆ. ಗಂಟೆಗೆ 54 ಕಿಲೋಮೀಟರ್ ವೇಗದ ಸ್ಕೂಟರು ಬ್ರೇಕ್ ಹಾಕಿದ ಮೇಲೆ 5 ಸೆಕೆಂಡಿನಲ್ಲಿ ನಿಂತರೆ ಎಷ್ಟು ದೂರ ಹೋಗಿರುತ್ತದೆ ಎಂಬಂಥ ಲೆಕ್ಕ. ಸೂತ್ರ ಹಾಕಿ 37.5 ಮೀಟರ್ ಎಂದು ಬರೆದ, ಸರಿಯಾಗಿಯೇ ಇತ್ತು. ‘ವೇಗ ಇಮ್ಮಡಿಯಾಗಿ, ಬ್ರೇಕಿನ ಶಕ್ತಿ ಅಷ್ಟೇ ಇದ್ದರೆ?’ ಎಂದೆ. ದೂರವೂ ಇಮ್ಮಡಿ ಎಂದ. ನಾಲ್ಕು ಪಟ್ಟು ಎಂದು ತೋರಿಸಿಕೊಟ್ಟೆ. ಕೇಳಿಕೊಂಡು, ಹೌದು ಎಂದು ತಲೆಯಾಡಿಸಿ ಪುಸ್ತಕ ಮುಚ್ಚಿದ. ತಪ್ಪು ಉತ್ತರ ನನಗೆ ದೊಡ್ಡದೆನಿಸಲಿಲ್ಲ, ಅದು ಯಾರಿಗೂ ಆಗುತ್ತದೆ. ಯಾಕೆ ನಾಲ್ಕು ಪಟ್ಟು ಎಂದು ಅವನು ಮರುದಿನವೂ ಕೇಳಲಿಲ್ಲ. ಅದನ್ನು ಗುರುತು ಹಾಕಿಕೊಂಡೆ.

ಎರಡನೇ ವಾರ ಲೆಕ್ಕಶಾಸ್ತ್ರ. ವ್ಯವಹಾರಗಳನ್ನು ಜರ್ನಲಿನಲ್ಲಿ ಬರೆಯುವ ಅಧ್ಯಾಯ. ಮಲ್ಲಿಗೆಯ ಉದಾಹರಣೆಯನ್ನೇ ಕೊಟ್ಟೆ: ವ್ಯಾಪಾರಿಯೊಬ್ಬರಿಗೆ ಸಾಲದ ಮೇಲೆ 8,000 ರೂಪಾಯಿಯ ಹೂವು ಹೋಯಿತು. ಆ ವ್ಯಾಪಾರಿಯ ಖಾತೆಗೆ ಡೆಬಿಟ್, ಮಾರಾಟದ ಖಾತೆಗೆ ಕ್ರೆಡಿಟ್. ಅಲ್ಲಿಗೆ ನಿಲ್ಲಿಸಿದ್ದೆ. ಮರುದಿನ ಅವನೇ ಕೇಳಿದ: ‘ಸರ್, ಅವರು ಲೆಕ್ಕ ಚುಕ್ತಾ ಮಾಡುವಾಗ 7,800 ಕೊಟ್ಟು ಉಳಿದ 200 ಬಿಡಿ ಎನ್ನುತ್ತಾರೆ. ಅಮ್ಮ ಬಿಡುತ್ತಾರೆ. ಆ 200 ಎಲ್ಲಿ ಬರೆಯುವುದು?’ ಪುಸ್ತಕದಲ್ಲಿ ಮುಂದೆ ಬರುವ ವಿಷಯ ಅದು. ನಗದಿಗೆ 7,800 ಡೆಬಿಟ್, ಕೊಟ್ಟ ರಿಯಾಯಿತಿಗೆ 200 ಡೆಬಿಟ್, ವ್ಯಾಪಾರಿಯ ಖಾತೆಗೆ 8,000 ಕ್ರೆಡಿಟ್ ಎಂದು ನಾನು ಹೇಳುವ ಮೊದಲೇ ಹುಡುಗ ಅರ್ಧ ದಾರಿಗೆ ಬಂದಿದ್ದ. ಆಗ ಗೊತ್ತಾಯಿತು, ತಾಯಿಯ ಹೂವಿನ ಲೆಕ್ಕವನ್ನು ಏಳನೇ ತರಗತಿಯಿಂದ ಬರೆಯುತ್ತಿದ್ದವನು ಅವನೇ ಅಂತ. ಮದುವೆಯ ದಿನಗಳಲ್ಲಿ ಅಟ್ಟಿಯ ಬೆಲೆ ಎಷ್ಟಿತ್ತು, ಮಳೆಗಾಲದಲ್ಲಿ ಎಷ್ಟಕ್ಕೆ ಇಳಿಯಿತು ಎಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದ. ಯಾರೂ ಹೇಳಿ ಮಾಡಿಸಿದ್ದಲ್ಲ. ‘ನಿನಗೆ ಯಾವುದು ಇಷ್ಟ?’ ಎಂದು ಕೇಳಿದಾಗ ಮಾತ್ರ ‘ಸೈನ್ಸ್’ ಎಂದಿದ್ದ. ಹದಿನೈದರ ಮಗು ಗೆಳೆಯರೆಲ್ಲ ಹೇಳಿದ್ದನ್ನೇ ಹೇಳುತ್ತದೆ. ಆಸಕ್ತಿಯನ್ನು ತಿಳಿಯಬೇಕಾದರೆ ಮಗು ಹೇಳದೆ ಮಾಡುವ ಕೆಲಸ ಯಾವುದೆಂದು ನೋಡುವುದೇ ಹೆಚ್ಚು ನಂಬಿಕೆಯ ದಾರಿ.

ಮೂರನೇ ವಾರ ರಾಜ್ಯಶಾಸ್ತ್ರವನ್ನೂ ಇಷ್ಟಪಟ್ಟು ಓದಿದ. ಸಮಾಜದಲ್ಲಿ 96 ಬಂದವನು ಓದದೆ ಇರುತ್ತಾನೆಯೇ. ಆದರೆ ದೊಡ್ಡ ಉತ್ತರ ಬರೆಯಲು ಕೂತರೆ ಅರ್ಧ ಪುಟಕ್ಕೆ ಮುಗಿಸುತ್ತಿದ್ದ.

ವಾಣಿಜ್ಯ ಎಂದು ನಿಂತಿತು. ಆಗ ಇನ್ನೊಂದು ಪ್ರಶ್ನೆ ಬಂತು, ಇಲ್ಲಿ ಬಹಳ ಮನೆಗಳು ಎಡವುತ್ತವೆ. ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರದ ಜೊತೆ ನಾಲ್ಕನೆಯ ವಿಷಯವಾಗಿ ಇತಿಹಾಸ, ಸಂಖ್ಯಾಶಾಸ್ತ್ರ, ಮೂಲ ಗಣಿತ ಅಥವಾ ಗಣಕ ವಿಜ್ಞಾನ ಇರುತ್ತದೆ. ಕಾಲೇಜಿನಿಂದ ಕಾಲೇಜಿಗೆ ಬೇರೆ. ಗಣಿತದಲ್ಲಿ ಅಂಕ ಕಡಿಮೆ ಎಂದು ಇತಿಹಾಸವಿರುವ ಸಂಯೋಜನೆ ಕೊಡಿಸುವುದು ಸುಲಭ. ಹುಡುಗನಿಗೆ ಸಿ.ಎ. ಮಾಡುವ ಆಸೆ ಇತ್ತು. ಸಿ.ಎ. ಫೌಂಡೇಶನ್ನಿನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ಗಣಿತ, ತರ್ಕ, ಸಂಖ್ಯಾಶಾಸ್ತ್ರ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಒಟ್ಟಿನಲ್ಲಿ ಶೇಕಡಾ 50 ಬರಬೇಕು. ಆ ಗಣಿತದ ಪತ್ರಿಕೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ವಾಣಿಜ್ಯಕ್ಕೆ ಬಂದರೆ ಗಣಿತದ ಕಾಟ ತಪ್ಪಿತು ಎನ್ನುವವರಿಗೆ ಇದು ಗೊತ್ತಿರಬೇಕು. ಅವನು ಸಂಖ್ಯಾಶಾಸ್ತ್ರ ಇರುವ ಸಂಯೋಜನೆ ತೆಗೆದುಕೊಂಡ. ಅವನ ಅರವತ್ತನಾಲ್ಕರ ಗಣಿತಕ್ಕೆ ಒಂದು ಸಂಖ್ಯಾಶಾಸ್ತ್ರ ಹೊರುವ ಶಕ್ತಿ ಇತ್ತು. ಭೌತಶಾಸ್ತ್ರ, ಗಣಿತ ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ನನಗೆ ಕಾಣಲಿಲ್ಲ.

ಎಲ್ಲವೂ ಹೂವಿನ ಹಾಗೆ ನಡೆಯಿತೆಂದು ಹೇಳಲಾರೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂತು. 2024ರ ಜೂನ್ ಫೌಂಡೇಶನ್ನಿನಲ್ಲಿ ಮೂರು ಪತ್ರಿಕೆ ಸರಿಹೋಗಿ, ಗಣಿತದ ಪತ್ರಿಕೆಯಲ್ಲಿ 34 ಬಂದು ಎಲ್ಲವೂ ಹೋಯಿತು. ಊಹೆಯ ಮೇಲೆ ಉತ್ತರ ಗುರುತು ಮಾಡಿ ಅಂಕ ಕಳೆದುಕೊಂಡಿದ್ದ. ಸೆಪ್ಟೆಂಬರಿನಲ್ಲಿ ಗೊತ್ತಿಲ್ಲದ್ದನ್ನು ಬಿಟ್ಟು ಗೊತ್ತಿದ್ದದ್ದನ್ನು ಮಾತ್ರ ಬರೆದು ಪಾಸಾದ. ಈಗ ಉಡುಪಿಯಲ್ಲಿ ಬಿ.ಕಾಂ. ಓದುತ್ತ ಇಂಟರ್‌ಮೀಡಿಯೇಟಿಗೆ ತಯಾರಾಗುತ್ತಿದ್ದಾನೆ. ಅದರ ಮುಂದೆ ಎರಡು ವರ್ಷದ ಆರ್ಟಿಕಲ್‌ಶಿಪ್, ಫೈನಲ್. ಸಿ.ಎ. ಮುಗಿಯದಿದ್ದರೂ ಬಿ.ಕಾಂ. ಪದವಿ ಕೈಯಲ್ಲಿರುತ್ತದೆ, ಬ್ಯಾಂಕಿನ ಪರೀಕ್ಷೆ ಬರೆಯಬಹುದು, ಲೆಕ್ಕಪರಿಶೋಧಕರ ಕಛೇರಿಯಲ್ಲಿ ಕೆಲಸ ಸಿಗುತ್ತದೆ. ಎರಡನೆಯ ದಾರಿ ಹೀಗೆ ಮೊದಲೇ ಕಾಣುವಂತಿರಬೇಕು. ನೀಟ್ ಒಂದನ್ನೇ ನಂಬಿ ಕೂತ ಮನೆಗಳಲ್ಲಿ ಆ ಎರಡನೆಯ ದಾರಿಯನ್ನು ಯಾರೂ ಯೋಚಿಸಿರುವುದಿಲ್ಲ.

ಯಂತ್ರ ಬಿಚ್ಚುವ, ವೈರಿಂಗ್ ಮಾಡುವ, ಕೈಕೆಲಸದಲ್ಲಿ ಚುರುಕಾದ ಮಗುವಿನ ಹೆತ್ತವರಿಗೆ ನನ್ನ ವೃತ್ತಿಯಿಂದ ಒಂದು ಮಾತು. ಮೂರು ವಿಭಾಗಗಳ ಗದ್ದಲದಲ್ಲಿ ಪಾಲಿಟೆಕ್ನಿಕ್ ಎಂಬ ನಾಲ್ಕನೆಯ ದಾರಿ ಮರೆತೇಹೋಗುತ್ತದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ನೇರವಾಗಿ ಮೂರು ವರ್ಷದ ಡಿಪ್ಲೊಮಾ. ಅದು ಮುಗಿದ ಮೇಲೆ ಡಿ.ಸಿ.ಇ.ಟಿ. ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಪ್ರವೇಶ. ಲೆಕ್ಕ ಹಾಕಿ: ಪಿಯುಸಿ ಎರಡು, ಇಂಜಿನಿಯರಿಂಗ್ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಇಂಜಿನಿಯರಿಂಗ್ ಮೂರು, ಅದೂ ಆರು. ವ್ಯತ್ಯಾಸವೆಂದರೆ ಎರಡನೆಯ ದಾರಿಯಲ್ಲಿ ನಡುವೆ ಒಂದು ನಿಲ್ದಾಣವಿದೆ. ಮನೆಯಲ್ಲಿ ಕಷ್ಟ ಬಂದರೆ ಮೂರನೇ ವರ್ಷಕ್ಕೆ ಇಳಿದು ಸಂಬಳ ತರಬಹುದು. ನಮ್ಮ ಇಲಾಖೆಯ ಕಿರಿಯ ಇಂಜಿನಿಯರ್ ಹುದ್ದೆಗೆ ಬೇಕಾದದ್ದು ಡಿಪ್ಲೊಮಾ. ನನ್ನ ಕೈಕೆಳಗೆ ಕೆಲಸ ಮಾಡಿದ ಅಂಥವರಲ್ಲಿ ಕೆಲವರು ಕಾಂಕ್ರೀಟನ್ನು ಮುಟ್ಟಿ ನೋಡಿ ಹೇಳುತ್ತಿದ್ದದ್ದು ನನಗೆ ಪುಸ್ತಕ ನೋಡಿದರೂ ಹೊಳೆಯುತ್ತಿರಲಿಲ್ಲ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ, ಮಂಗಳೂರಿನ ಕದ್ರಿಯಲ್ಲಿ ಪಾಲಿಟೆಕ್ನಿಕ್‌ಗಳಿವೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೂ ಸರ್ಕಾರಿ ಪಾಲಿಟೆಕ್ನಿಕ್‌ಗಳಿವೆ. ಗಣಿತ ಅಲ್ಲೂ ಇದೆ, ಬಿಡುವುದಿಲ್ಲ. ಆದರೆ ಕಲಿತದ್ದನ್ನು ಅದೇ ವಾರ ಕೈಯಿಂದ ಮಾಡಿ ನೋಡುವ ಅವಕಾಶವಿದೆ. ಕೆಲವು ಮಕ್ಕಳ ತಲೆಗೆ ಗಣಿತ ಹತ್ತುವುದೇ ಕೈಯ ಮೂಲಕ.

ಕಲಾ ವಿಭಾಗದ ಬಗ್ಗೆ ಎರಡು ಮಾತು ನೇರವಾಗಿಯೇ ಹೇಳಬೇಕು. 2025ರ ಅದೇ ಪರೀಕ್ಷೆಯಲ್ಲಿ ರಾಜ್ಯದಾದ್ಯಂತ ವಿಜ್ಞಾನದಲ್ಲಿ ನೂರಕ್ಕೆ ಸುಮಾರು 82 ಮಂದಿ, ವಾಣಿಜ್ಯದಲ್ಲಿ 76 ಮಂದಿ, ಕಲೆಯಲ್ಲಿ 53 ಮಂದಿ ಪಾಸಾದರು. ಕಲೆ ಅಷ್ಟು ಕಷ್ಟವೆಂದು ಇದರ ಅರ್ಥವಲ್ಲ. ಬೇರೆಲ್ಲೂ ಸೀಟು ಸಿಗದವರನ್ನು, ಓದು ಬೇಡವೆಂದವರನ್ನು ನಾವು ಅಲ್ಲಿಗೆ ತಳ್ಳುತ್ತೇವೆ. ಅದು ಫಲಿತಾಂಶದಲ್ಲಿ ಕಾಣುತ್ತದೆ ಎಂದೇ ನಾನು ಓದುತ್ತೇನೆ. ಓದಬೇಕೆಂದೇ ಹೋದ ಮಗುವಿಗೆ ಅಲ್ಲಿ ಜಾಗ ಬಹಳ ಇದೆ. ಆದರೆ ಹೆತ್ತವರು ವರ್ಷಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಬಿ.ಎ. ಒಂದರಿಂದ ಕೆಲಸ ಸಿಗುವುದು ಕಡಿಮೆ. ಶಿಕ್ಷಕನಾಗಲು ಬಿ.ಎ. ಮೂರು, ಬಿ.ಎಡ್. ಎರಡು, ಆಮೇಲೆ ಅರ್ಹತಾ ಪರೀಕ್ಷೆ. ವಕೀಲನಾಗಲು ಪಿಯುಸಿ ಮೇಲೆ ಐದು ವರ್ಷದ ಕೋರ್ಸು. ಅದಕ್ಕೆ ಯಾವ ವಿಭಾಗವಾದರೂ ಆಗುತ್ತದೆ. ಮನಃಶಾಸ್ತ್ರ, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಇಲ್ಲದೆ ಮುಂದೆ ಹೋಗುವುದು ಕಷ್ಟ. ಅಂದರೆ ಪಿಯುಸಿ ಮೇಲೆ ಐದು ವರ್ಷ ಓದಿಸುವ ತಯಾರಿ ಬೇಕು. ಇಂಜಿನಿಯರಿಂಗಿಗೆ ನಾಲ್ಕು ವರ್ಷ ಸಾಲ ಮಾಡಿ ಓದಿಸುವ ಮನೆಯೇ ‘ಬಿ.ಎ. ಆಯ್ತಲ್ಲ, ಇನ್ನ ನೌಕರಿ ನೋಡು’ ಎಂದು ಅರ್ಧಕ್ಕೆ ನಿಲ್ಲಿಸುವುದನ್ನು ನೋಡಿದ್ದೇನೆ. ಹಾಗೆ ನಿಲ್ಲಿಸಿ ‘ಆರ್ಟ್ಸಿಗೆ ಭವಿಷ್ಯವಿಲ್ಲ’ ಎನ್ನುತ್ತಾರೆ.

ಇನ್ನು ಫೋನಿನಲ್ಲಿ ಕೇಳುವ ಆ ಮೊದಲ ಪ್ರಶ್ನೆ, ಕರಾವಳಿಯ ವಸತಿ ಕಾಲೇಜು. ಮೇಲಿನದನ್ನೆಲ್ಲ ನೋಡಿಯೂ ವಿಜ್ಞಾನವೇ ಸರಿ ಎಂದು ಬಂದರೆ ಕಳಿಸಿ, ಒಳ್ಳೆಯ ಕಾಲೇಜುಗಳಿವೆ. ಆದರೆ ನೋಡಲು ಬಂದಾಗ ಗೋಡೆಯ ಮೇಲಿನ ರ‍್ಯಾಂಕಿನ ಮಕ್ಕಳ ಫೋಟೊ ಎದುರು ನಿಲ್ಲಬೇಡಿ. ಕಛೇರಿಯಲ್ಲಿ ಕೂತು, ‘ಎಸ್ಸೆಸ್ಸೆಲ್ಸಿ ವಿಜ್ಞಾನ, ಗಣಿತದಲ್ಲಿ ನಮ್ಮ ಮಗುವಿನಷ್ಟೇ ಅಂಕ ಬಂದವರು ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಮಂದಿ ಇದ್ದರು, ದ್ವಿತೀಯ ಪಿಯುಸಿಯಲ್ಲಿ ಅವರಿಗೆ ಎಷ್ಟು ಬಂತು?’ ಎಂದು ಕೇಳಿ. ಉತ್ತರ ಕೊಡುವ ಕಾಲೇಜು ಆ ಮಕ್ಕಳನ್ನೂ ಲೆಕ್ಕದಲ್ಲಿಟ್ಟಿದೆ ಎಂದು ತಿಳಿಯಬಹುದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ತಿಂಗಳುಗಳಲ್ಲಿ ಬೇರೆ ತರಗತಿ ಇದೆಯೇ ಎಂದು ಕೇಳಿ. ಹೇಳಿದ ಶುಲ್ಕದಲ್ಲಿ ನೀಟ್, ಸಿ.ಇ.ಟಿ. ತರಬೇತಿ ಸೇರಿದೆಯೇ, ನಡುವೆ ಬಿಟ್ಟರೆ ಎಷ್ಟು ಹಿಂದಿರುಗಿಸುತ್ತೀರಿ, ವರ್ಗಾವಣೆ ಪತ್ರ ಎಷ್ಟು ದಿನದಲ್ಲಿ ಕೊಡುತ್ತೀರಿ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಮ್ಮ ಕಡೆಯ ಒಬ್ಬ ರೈತರು ಎರಡೆಕರೆ ಒತ್ತೆ ಇಟ್ಟು ಮಗಳನ್ನು ಹೀಗೊಂದು ಕಡೆ ಸೇರಿಸಿದ್ದರು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗಿನ ವೇಳಾಪಟ್ಟಿ. ನವೆಂಬರಿನಲ್ಲಿ ಹುಡುಗಿ ಊಟ ಬಿಟ್ಟಳು. ಕರೆದುಕೊಂಡು ಹೋಗಲು ಬಂದ ತಂದೆ ದುಡ್ಡಿನ ಮಾತೆತ್ತಲಿಲ್ಲ, ‘ಆಕಿ ಮೊದಲಿನಂಗ ಮಾತಾಡಿದ್ರ ಸಾಕು’ ಎಂದಷ್ಟೇ ಹೇಳಿದರು. ಮುಂದಿನ ವರ್ಷ ಊರಿನ ಕಾಲೇಜಿನಲ್ಲೇ ಅವಳು ಮತ್ತೆ ಶುರುಮಾಡಿದಳು.

ಪ್ರಥಮ ಪಿಯುಸಿಯ ಮೊದಲ ಕೆಲವು ವಾರಗಳಲ್ಲಿ ವಿಭಾಗ ಬದಲಿಸುವುದು ಸುಲಭ. ಪ್ರವೇಶದ ಅವಧಿ ಮುಗಿದ ಮೇಲೆ ಒಂದು ವರ್ಷವನ್ನೇ ಬಿಡಬೇಕಾದೀತು. ಆದ್ದರಿಂದ ಸೇರಿಸಿದ ಮೂರನೇ ವಾರ ಒಮ್ಮೆ ಮಗುವಿನ ಎದುರು ಕೂತು ನೋಟ್ ಪುಸ್ತಕ ತೆರೆದು ನೋಡಿ. ಬರೆದದ್ದರಲ್ಲಿ ಕಪ್ಪುಹಲಗೆಯ ನಕಲು ಎಷ್ಟು, ತಾನೇ ಮಾಡಿದ ಲೆಕ್ಕ ಎಷ್ಟು ಎಂದು ಎಣಿಸಿ. ಅದಕ್ಕೆ ಇಂಗ್ಲಿಷ್ ಬರಬೇಕಾಗಿಲ್ಲ.

ಈ ಸಲ ಫೋನು ಮಾಡುವವರಿಗೆ ನನ್ನದೊಂದು ಕೋರಿಕೆ. ಕಾಲೇಜಿನ ಹೆಸರು ಕೇಳುವ ಮೊದಲು ಅಂಕಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ, ಆಂತರಿಕ ಅಂಕ ಕಳೆದು ಗಣಿತಕ್ಕೆ ಎಷ್ಟು, ವಿಜ್ಞಾನಕ್ಕೆ ಎಷ್ಟು ಎಂದು ಬರೆದುಕೊಳ್ಳಿ. ಆಮೇಲೆ ಫೋನನ್ನು ಮಗುವಿನ ಕೈಗೆ ಕೊಡಿ. ಮಾತಾಡಬೇಕಾದದ್ದು ನನಗೆ ಅವನ ಜೊತೆ, ಅವಳ ಜೊತೆ.